ಒಂದೇ ಅಂಚೆಪೆಟ್ಟಿಗೆ, ಎರಡು ಕಿಟಕಿ

ಮೊಬೈಲಿನಲ್ಲಿ ಓದಿ ಮುಗಿಸಿದ ಇಮೇಲ್ ಮನೆಯ ಕಂಪ್ಯೂಟರಿನಲ್ಲಿ ಮತ್ತೆ ಹೊಸದಾಗಿ ಕೂತಿರುತ್ತದೆ; ಕಂಪ್ಯೂಟರಿನಿಂದ ಕಳಿಸಿದ್ದು ಮೊಬೈಲಿನಲ್ಲಿ ಕಾಣುವುದೇ ಇಲ್ಲ. ಹೀಗಾದರೆ ನಿಮ್ಮ ಖಾತೆ ಪಾಪ್ ವಿಧಾನದಲ್ಲಿರುವ ಸಾಧ್ಯತೆ ಹೆಚ್ಚು. ಪಾಪ್ ಪತ್ರಗಳನ್ನು ಸರ್ವರಿನಿಂದ ಇಳಿಸಿಕೊಂಡು ಸುಮ್ಮನಾಗುತ್ತದೆ. ಐಮ್ಯಾಪ್‌ನಲ್ಲಿ ಪತ್ರಗಳ ಮೂಲ ಮನೆ ಸರ್ವರೇ. ಮೊಬೈಲು, ಕಂಪ್ಯೂಟರು ಎರಡೂ ಅದಕ್ಕೆ ಕಿಟಕಿಗಳು.

ಥಂಡರ್‌ಬರ್ಡ್‌ನಲ್ಲಿ ಜಿಮೇಲ್ ಸೇರಿಸುವಾಗ ಹೆಸರು, ವಿಳಾಸ ಕೊಟ್ಟ ಮೇಲೆ IMAP, POP3 ಎಂಬ ಆಯ್ಕೆ ಬಂದರೆ ಮೊದಲನೆಯದನ್ನೇ ಒತ್ತಿ. ಒಳಬರುವ ಸರ್ವರ್ imap.gmail.com, ಪೋರ್ಟ್ 993, ಭದ್ರತೆ SSL/TLS ಎಂದಿರಬೇಕು. ಪೋರ್ಟ್ 995 ಕಂಡರೆ ಅದು ಪಾಪ್, ಹಿಂದೆ ಬನ್ನಿ.

ಈಗಾಗಲೇ ಪಾಪ್ ಇದ್ದರೆ ಅದೇ ಖಾತೆಯನ್ನು ಬದಲಿಸಲು ಹೆಣಗಬೇಡಿ. ಐಮ್ಯಾಪ್ ಖಾತೆಯನ್ನು ಬೇರೆಯಾಗಿ ಸೇರಿಸಿ, ಹಳೆಯ ಪತ್ರಗಳನ್ನು ಅದರ ಫೋಲ್ಡರಿಗೆ ನಕಲು ಮಾಡಿ. ನಕಲು ಮುಗಿಯುವ ತನಕ ಹಳೆಯ ಖಾತೆ ಅಳಿಸುವ ಆತುರ ಬೇಡ.

ಪರೀಕ್ಷೆ ಸುಲಭ: ಮೊಬೈಲಿನಲ್ಲಿ ಒಂದು ಪತ್ರಕ್ಕೆ ನಕ್ಷತ್ರ ಹಾಕಿ. ತುಸು ಹೊತ್ತಿನಲ್ಲಿ ಕಂಪ್ಯೂಟರಿನಲ್ಲೂ ಅದು ಮೂಡಬೇಕು. ಒಂದು ಮಾತು: ಇಲ್ಲಿ ಅಳಿಸಿದರೆ ಅಲ್ಲೂ ಹೋಗುತ್ತದೆ. ಐಮ್ಯಾಪ್ ಬ್ಯಾಕಪ್ ಅಲ್ಲ.