50 ದಾಟಿದ ಮೇಲೆ ಹೊಸ ಭಾಷೆ ತಲೆಗೆ ಹತ್ತುವುದಿಲ್ಲವೇ?

"ಐವತ್ತರ ನಂತರ ಮೆದುಳು ಹೊಸ ಭಾಷೆ ಕಲಿಯುವುದಿಲ್ಲ" ಎಂಬ ಸಂದೇಶ ನಿಮಗೂ ಬಂದಿರಬಹುದು. "30 ದಿನದಲ್ಲಿ ಜರ್ಮನ್" ಎಂಬ ಜಾಹೀರಾತನ್ನೂ ನೋಡಿರುತ್ತೀರಿ. ಎರಡೂ ನಿಜವಲ್ಲ.

ಒಂದು ಉದಾಹರಣೆ ನೋಡೋಣ. ಗಂಡ ಜರ್ಮನಿಯಲ್ಲಿದ್ದಾರೆ, 54 ವರ್ಷದ ಹೆಂಡತಿ ಅಲ್ಲಿಗೆ ಹೋಗಬೇಕು. ಇಂಥ ವೀಸಾಕ್ಕೆ ಹಲವರು ಜರ್ಮನ್ ಭಾಷೆಯ ಮೊದಲ ಹಂತದ, ಅಂದರೆ ಎ1 ಪರೀಕ್ಷೆ ಪಾಸಾಗಿರಬೇಕು. ಗೊಯೆಥೆ ಸಂಸ್ಥೆಯ ಎ1 ಪರೀಕ್ಷೆಯಲ್ಲಿ 100ಕ್ಕೆ 60 ಅಂಕ ಬೇಕು. ಕಲಿಯಬೇಕಾದ ಪದಗಳು ಸುಮಾರು 650.

ದಿನಕ್ಕೆ 7 ಹೊಸ ಪದ, ವಾರಕ್ಕೆ 5 ದಿನ ಎಂದರೆ 35 ಪದ. ಆ ಲೆಕ್ಕದಲ್ಲಿ 650 ಪದಕ್ಕೆ ಸುಮಾರು 19 ವಾರ. ಪುನರಾವರ್ತನೆ, ಹಬ್ಬ, ಜ್ವರ ಎಲ್ಲ ಸೇರಿಸಿ ಆರು ತಿಂಗಳು ಇಟ್ಟುಕೊಳ್ಳಿ ಎನ್ನುತ್ತೇವೆ. ಆ ಮೊದಲೇ ಪರೀಕ್ಷೆಗೆ ಹಣ ಕಟ್ಟುವ ಅವಸರ ಬೇಡ.

ವಯಸ್ಸಾದಂತೆ ನಿಧಾನವಾಗುವುದು ಮುಖ್ಯವಾಗಿ ನೆನಪಿನಿಂದ ಪದವನ್ನು ಹೊರತೆಗೆಯುವ ವೇಗ. ಪದ ಗೊತ್ತಿರುತ್ತದೆ, ನಾಲಿಗೆ ತುದಿಯಲ್ಲೇ ನಿಂತುಬಿಡುತ್ತದೆ. ಪಟ್ಟಿಯನ್ನು ಹತ್ತು ಸಲ ಓದಿದರೆ ಇದು ಸರಿಹೋಗುವುದಿಲ್ಲ. ಓದುವಾಗ ಎಲ್ಲವೂ ಪರಿಚಿತ ಅನ್ನಿಸುತ್ತದೆ, ಮೋಸ ಹೋಗುವುದೇ ಅಲ್ಲಿ. ಬದಲಿಗೆ ಚೀಟಿಯ ಒಂದು ಕಡೆ "ಮೇಜು", ಇನ್ನೊಂದು ಕಡೆ "ಡೆರ್ ಟಿಶ್" ಎಂದು ಬರೆಯಿರಿ. ಕನ್ನಡ ನೋಡಿ ಜರ್ಮನ್ ಪದವನ್ನು ಗಟ್ಟಿಯಾಗಿ ಹೇಳಿ, ಆಮೇಲೆ ಚೀಟಿ ತಿರುಗಿಸಿ. ಸೋಮವಾರ ಕಲಿತದ್ದನ್ನು ಅದೇ ಸಂಜೆ, ನಂತರ ಬುಧವಾರ, ಮುಂದಿನ ಸೋಮವಾರ, ಅದಾಗಿ ಎರಡು ವಾರದ ಮೇಲೆ ಕೇಳಿಕೊಳ್ಳಿ. ತಪ್ಪಿದ ಚೀಟಿ ಮತ್ತೆ ಮೊದಲ ದಿನದ ಕಟ್ಟಿಗೆ. ವಾರದ ಕೊನೆಗೆ 35ರಲ್ಲಿ 25 ಕೂಡ ಬಾರದಿದ್ದರೆ ಮುಂದಿನ ವಾರ ಹೊಸ ಪದ ಬೇಡ, ಹಳೆಯದನ್ನೇ ತಿರುವಿಹಾಕಿ.

"ಡೆರ್" ಬಿಟ್ಟು ಬರೀ "ಟಿಶ್" ಕಲಿಯಬೇಡಿ. ಜರ್ಮನ್‌ನಲ್ಲಿ ಮೇಜು ಪುಲ್ಲಿಂಗ, ಹುಡುಗಿ ನಪುಂಸಕಲಿಂಗ! (ನಮ್ಮಲ್ಲೂ "ಮಗು ಅತ್ತಿತು" ಎನ್ನುತ್ತೇವಲ್ಲ.) ಪ್ರತಿ ನಾಮಪದಕ್ಕೂ ಡೆರ್, ಡಿ, ಡಾಸ್ ಇವುಗಳಲ್ಲಿ ಯಾವುದು ಎಂಬುದನ್ನು ಜೊತೆಗೇ ಬಾಯಿಪಾಠ ಮಾಡಬೇಕು.

ಹೆಚ್ಚು ತೊಂದರೆ ಕೊಡುವುದು ಕೇಳುವ ಭಾಗ. ವಯಸ್ಸಿನೊಂದಿಗೆ ಕಿವಿಗೆ "ಸ್", "ಫ್" ತರಹದ ಸಣ್ಣ ಶಬ್ದಗಳು ಮಸುಕಾಗುತ್ತವೆ. ಧ್ವನಿಮುದ್ರಿಕೆಯ ಒಂದು ಭಾಗ ಒಮ್ಮೆ ಮಾತ್ರ ಕೇಳಿಸುತ್ತದೆ. ಮನೆಯಲ್ಲಿ ಟಿವಿ ಶಬ್ದವೂ ಜೋರಾಗಿ ಬೇಕೆನಿಸುತ್ತಿದ್ದರೆ ಮೊದಲು ಕಿವಿ ಪರೀಕ್ಷೆ ಮಾಡಿಸಿ. ಕೇಳಿಸದ ಪದವನ್ನು ನೆನಪಿನ ದೋಷ ಎಂದುಕೊಂಡು ಕೊರಗುವವರು ಬಹಳ.

ಇನ್ನು ಸಂಖ್ಯೆ. ಜರ್ಮನ್‌ನಲ್ಲಿ 21ನ್ನು "ಒಂದು ಮತ್ತು ಇಪ್ಪತ್ತು" ಎನ್ನುತ್ತಾರೆ. ಬೆಲೆ, ರೈಲಿನ ಸಮಯ ಕೇಳಿಸಿದಾಗ 43ನ್ನು 34 ಎಂದು ಬರೆದುಬಿಡುವುದು ಸಾಮಾನ್ಯ. ದಿನಾ ಐದು ನಿಮಿಷ ಯಾರಾದರೂ ಎರಡಂಕಿಯ ಸಂಖ್ಯೆಗಳನ್ನು ಜರ್ಮನ್‌ನಲ್ಲಿ ಹೇಳಲಿ, ನೀವು ಕೇಳಿ ಬರೆದುಕೊಳ್ಳಿ. ಮಾತನಾಡುವ ಭಾಗದಲ್ಲಿ ನಿಮ್ಮ ಹೆಸರಿನ ಅಕ್ಷರಗಳನ್ನು ಒಂದೊಂದಾಗಿ ಹೇಳಲು, ಫೋನ್ ನಂಬರ್‌ನಂಥ ಸಂಖ್ಯೆಯೊಂದನ್ನು ಹೇಳಲು ಕೇಳುತ್ತಾರೆ. ಇವೆರಡನ್ನೂ ಅಡುಗೆ ಮಾಡುತ್ತಲೇ ಅಭ್ಯಾಸ ಮಾಡಬಹುದು.