ಲೀನಿಯರ್ ಪ್ರೋಗ್ರಾಮಿನಲ್ಲಿ ಹೆಚ್ಚುವರಿ ನಿರ್ಬಂಧ: ಪತ್ತೆ ಮತ್ತು ಪರಿಣಾಮ

ಲೀನಿಯರ್ ಪ್ರೋಗ್ರಾಮ್ ಒಂದರಿಂದ ಯಾವುದಾದರೂ ನಿರ್ಬಂಧವನ್ನು ಅಳಿಸಿಹಾಕಿದ ಮೇಲೂ ಸಾಧ್ಯ ಪರಿಹಾರಗಳ ಪ್ರದೇಶ ಇದ್ದ ಹಾಗೆಯೇ ಉಳಿದರೆ, ಅಂಥದ್ದು ಹೆಚ್ಚುವರಿ ನಿರ್ಬಂಧ. ಉಳಿದ ನಿರ್ಬಂಧಗಳು ಈಗಾಗಲೇ ಹೇಳಿರುವುದನ್ನೇ ಅದು ಮತ್ತೆ ಹೇಳುತ್ತದೆ. ಉತ್ತರ ಬದಲಾಗದ ಕಾರಣ ಅದು ಇದ್ದರೇನು, ಹೋದರೇನು ಎನಿಸುವುದು ಸಹಜ. ಆದರೆ ಕೆಲವು ಹೆಚ್ಚುವರಿ ನಿರ್ಬಂಧಗಳು ಪ್ರದೇಶವನ್ನು ಮುಟ್ಟದಿದ್ದರೂ ಲೆಕ್ಕದ ಒಳಗಿನ ಬೇಸಿಸ್ ಅನ್ನು ಕೆಡಿಸುತ್ತವೆ. ಅದರಿಂದ ಸಾಮಗ್ರಿಗೆ ಕಟ್ಟುವ ಬೆಲೆಯೇ ಏರುಪೇರಾಗುತ್ತದೆ.

ಒಂದು ಮರಗೆಲಸದ ಕಾರ್ಖಾನೆ ಕುರ್ಚಿ ಮತ್ತು ಮೇಜು ತಯಾರಿಸುತ್ತದೆ ಎಂದುಕೊಳ್ಳಬಹುದು. ಒಂದು ದಿನಕ್ಕೆ x ಕುರ್ಚಿ, y ಮೇಜು. ಕುರ್ಚಿಗೆ 500 ರೂಪಾಯಿ, ಮೇಜಿಗೆ 600 ರೂಪಾಯಿ ಲಾಭ. ಕುರ್ಚಿಗೆ ಒಂದು ಹಲಗೆ ಸಾಕು, ಮೇಜಿಗೆ ಎರಡು ಬೇಕು. ಇರುವುದು 10 ಹಲಗೆ. ಕುರ್ಚಿಯಲ್ಲಿ ಸಂದು ಕೂಡಿಸುವ ಕೆಲಸ ಹೆಚ್ಚಾದ್ದರಿಂದ 3 ಗಂಟೆ, ಮೇಜಿಗೆ 2 ಗಂಟೆ. ಒಟ್ಟು ದುಡಿಮೆ 18 ಗಂಟೆ. ಒಣಗಲು ಇಡುವ ಜಾಗ ಏಳಕ್ಕೆ ಮಾತ್ರ. ಕುರ್ಚಿಗೆ ಒಂದು ಲೋಟ ಪಾಲಿಶ್, ಮೇಜಿಗೆ ನಾಲ್ಕು; ಇರುವುದು 24 ಲೋಟ. ಅರ್ಧಕ್ಕೆ ನಿಂತ ಕೆಲಸ ಮರುದಿನ ಮುಂದುವರಿಯಬಹುದು, ಹಾಗಾಗಿ x, y ಪೂರ್ಣಾಂಕಗಳೇ ಆಗಬೇಕೆಂದಿಲ್ಲ.

```
ಗರಿಷ್ಠ:   500x + 600y
ಹಲಗೆ:     x + 2y ≤ 10
ದುಡಿಮೆ:  3x + 2y ≤ 18
ಜಾಗ:      x +  y ≤ 7
ಪಾಲಿಶ್:   x + 4y ≤ 24
          x ≥ 0, y ≥ 0
```

ಗ್ರಾಫ್ ಹಾಳೆಯ ಮೇಲೆ ಎಳೆದು ನೋಡಿದರೆ ಸಾಧ್ಯ ಪ್ರದೇಶ ಒಂದು ಚತುರ್ಭುಜ. ಅದರ ಮೂಲೆಗಳು (0,0), (6,0), (4,3) ಮತ್ತು (0,5). ಈ ಆಕಾರ ಕೊಡಲು ಹಲಗೆ ಮತ್ತು ದುಡಿಮೆಯ ಗೆರೆಗಳು ಹಾಗೂ ಎರಡು ಅಕ್ಷಗಳು ಸಾಕು. ಪಾಲಿಶಿನ ಗೆರೆ ಪ್ರದೇಶದ ಹೊರಗೆ ದೂರದಲ್ಲೇ ಹಾದುಹೋಗುತ್ತದೆ. ಜಾಗದ ಗೆರೆ (4,3) ಎಂಬ ಒಂದೇ ಬಿಂದುವನ್ನು ತಾಗಿ ಹೋಗುತ್ತದೆ, ಒಳಗಿನಿಂದ ಏನನ್ನೂ ಕತ್ತರಿಸುವುದಿಲ್ಲ. ಎಲ್ಲೂ ತಾಗದೆ ಹೋಗುವುದನ್ನು ಪ್ರಬಲ ಹೆಚ್ಚುವರಿ ನಿರ್ಬಂಧ ಎಂದೂ, ತಾಗಿಯೂ ಕತ್ತರಿಸದೆ ಹೋಗುವುದನ್ನು ದುರ್ಬಲ ಹೆಚ್ಚುವರಿ ನಿರ್ಬಂಧ ಎಂದೂ ಕರೆಯಬಹುದು. ಮುಂದೆ ತೊಂದರೆ ಕೊಡುವುದು ಈ ಎರಡನೆಯದು.

ಎರಡು ಚರಗಳಿದ್ದಾಗ ಕಣ್ಣಿಗೆ ಕಾಣುವ ಸಂಗತಿ ನೂರಾರು ಚರಗಳಿದ್ದಾಗ ಕಾಣುವುದಿಲ್ಲ. ಆಗ ನಂಬಬಹುದಾದ ಪರೀಕ್ಷೆ ಇದು: ಅನುಮಾನದ ನಿರ್ಬಂಧವನ್ನು ಪಕ್ಕಕ್ಕಿಟ್ಟು, ಅದರ ಎಡಬದಿಯನ್ನೇ ಗುರಿಯಾಗಿಸಿ, ಉಳಿದ ನಿರ್ಬಂಧಗಳ ಒಳಗೆ ಅದು ಎಷ್ಟರವರೆಗೆ ಏರಬಲ್ಲದು ಎಂದು ಲೆಕ್ಕಹಾಕಬೇಕು. ಪಾಲಿಶ್ ನಿರ್ಬಂಧವನ್ನು ತೆಗೆದು x + 4y ಅನ್ನು ಏರಿಸಿದರೆ ಅದರ ಗರಿಷ್ಠ (0,5) ಮೂಲೆಯಲ್ಲಿ 20. ಮಿತಿ 24 ಇರುವಾಗ ಇದು ಎಂದೂ ಅಡ್ಡಬರುವುದಿಲ್ಲ. ಜಾಗದ ನಿರ್ಬಂಧವನ್ನು ತೆಗೆದು x + y ಅನ್ನು ಏರಿಸಿದರೆ (4,3) ಮೂಲೆಯಲ್ಲಿ ಸರಿಯಾಗಿ 7 ಬರುತ್ತದೆ. ಗರಿಷ್ಠವು ಮಿತಿಗಿಂತ ಕಡಿಮೆಯಾದರೆ ಪ್ರಬಲ, ಸಮವಾದರೆ ದುರ್ಬಲ, ಮೀರಿದರೆ ಆ ನಿರ್ಬಂಧ ಬೇಕೇ ಬೇಕು. ದುಡಿಮೆಯನ್ನು ಹೀಗೆ ಪರೀಕ್ಷಿಸಿದರೆ (7,0) ಬಿಂದುವಿನಲ್ಲಿ 3x + 2y ಬೆಲೆ 21ಕ್ಕೆ ಏರುತ್ತದೆ. 18ರ ಮಿತಿಯನ್ನು ಅಳಿಸುವಂತಿಲ್ಲ.

ಹೆಚ್ಚುವರಿ ಎಂಬುದಕ್ಕೆ ಕಾಗದದ ಮೇಲೆ ತೋರಿಸಬಲ್ಲ ಸಾಕ್ಷಿಯೂ ಇರುತ್ತದೆ. ಹಲಗೆ ಮತ್ತು ದುಡಿಮೆಯ ನಿರ್ಬಂಧಗಳನ್ನು ಕೂಡಿದರೆ 4x + 4y ≤ 28. ನಾಲ್ಕರಿಂದ ಭಾಗಿಸಿದರೆ ಜಾಗದ ನಿರ್ಬಂಧವೇ ಎದುರಿಗೆ ಬರುತ್ತದೆ. ಹಲಗೆಯ ನಿರ್ಬಂಧವನ್ನು ದ್ವಿಗುಣಗೊಳಿಸಿದರೆ 2x + 4y ≤ 20. X ಋಣವಾಗಲಾರದ ಕಾರಣ x + 4y ಸಹ 20ನ್ನು ದಾಟಲಾರದು. ಸಾಧ್ಯ ಪ್ರದೇಶ ಖಾಲಿಯಲ್ಲದಿದ್ದರೆ ಪ್ರತಿಯೊಂದು ಹೆಚ್ಚುವರಿ ನಿರ್ಬಂಧಕ್ಕೂ ಇಂಥದ್ದೊಂದು ಸಾಕ್ಷಿ ಸಿಕ್ಕೇ ಸಿಗುತ್ತದೆ: ಉಳಿದ ನಿರ್ಬಂಧಗಳನ್ನು ಋಣವಲ್ಲದ ಸಂಖ್ಯೆಗಳಿಂದ ಗುಣಿಸಿ ಕೂಡಿದರೆ ಅದು ಹುಟ್ಟುತ್ತದೆ. ಹಂಗೇರಿಯ ಗಣಿತಜ್ಞ ಫಾರ್ಕಶ್ ಅವರ ಹೆಸರಿನ ಪ್ರಮೇಯದಿಂದ ಬರುವ ಮಾತು ಇದು.

ಈ ಪರೀಕ್ಷೆ ನಿಖರವಾದರೂ ದುಬಾರಿ. ಸಾವಿರ ನಿರ್ಬಂಧಗಳಿದ್ದರೆ ಸಾವಿರ ಲೀನಿಯರ್ ಪ್ರೋಗ್ರಾಮ್‌ಗಳನ್ನು ಬಿಡಿಸಬೇಕು. ಮೂಲ ಸಮಸ್ಯೆ ಅಷ್ಟರಲ್ಲಿ ಎಷ್ಟೋ ಸಲ ಮುಗಿದಿರುತ್ತದೆ. ಆದ್ದರಿಂದ ಲೆಕ್ಕ ಮಾಡುವ ತಂತ್ರಾಂಶಗಳು ಮೊದಲು ಅಗ್ಗದ ಒಂದು ಜರಡಿ ಹಿಡಿಯುತ್ತವೆ. ಬ್ರಿಯರ್ಲಿ, ಮಿತ್ರ ಮತ್ತು ವಿಲಿಯಮ್ಸ್ 1975ರಲ್ಲಿ ಇದನ್ನು ವ್ಯವಸ್ಥಿತವಾಗಿ ವಿವರಿಸಿದರು. ಪ್ರತಿ ಚರವೂ ತಾನೊಂದೇ ಎಷ್ಟರವರೆಗೆ ಏರಬಲ್ಲದು ಎಂದು ನೋಡಿ, ಆ ಮಿತಿಗಳನ್ನು ನಿರ್ಬಂಧದ ಎಡಬದಿಯಲ್ಲಿ ಹಾಕುವುದಷ್ಟೇ ಕೆಲಸ. ಇಲ್ಲಿ ದುಡಿಮೆಯಿಂದ x ≤ 6, ಹಲಗೆಯಿಂದ y ≤ 5. ಪಾಲಿಶಿಗೆ ಇವನ್ನು ಹಾಕಿದರೆ 6 + 20 = 26. ಮಿತಿ 26 ಅಥವಾ ಹೆಚ್ಚಿದ್ದಿದ್ದರೆ ನಿರ್ಬಂಧ ಇಲ್ಲಿಯೇ ಸಿಕ್ಕಿಬೀಳುತ್ತಿತ್ತು. 24 ಇರುವುದರಿಂದ ಜರಡಿಯಿಂದ ತಪ್ಪಿಸಿಕೊಳ್ಳುತ್ತದೆ. ಆರು ಕುರ್ಚಿ ಮತ್ತು ಐದು ಮೇಜು ಒಟ್ಟಿಗೆ ಆಗುವ ಕೆಲಸವಲ್ಲ ಎಂಬುದು ಈ ಜರಡಿಗೆ ತಿಳಿಯದು. ಅದು ಹೆಚ್ಚುವರಿ ಎಂದು ಹೇಳಿದ್ದು ಖಂಡಿತ ಹೆಚ್ಚುವರಿಯೇ; ಹೇಳದೆ ಬಿಟ್ಟದ್ದು ಎರಡೂ ಆಗಿರಬಹುದು.

ಇನ್ನು ಬೇಸಿಸ್ ಕಡೆಗೆ. ಸಿಂಪ್ಲೆಕ್ಸ್ ವಿಧಾನದಲ್ಲಿ ಪ್ರತಿ ನಿರ್ಬಂಧಕ್ಕೂ ಒಂದು ಉಳಿಕೆ ಚರ ಸೇರಿ ಅದು ಸಮೀಕರಣವಾಗುತ್ತದೆ: ಹಲಗೆ ಎಷ್ಟು ಉಳಿಯಿತು, ಗಂಟೆ ಎಷ್ಟು ಉಳಿಯಿತು ಎಂಬ ಲೆಕ್ಕ. ಹೀಗೆ ನಾಲ್ಕು ಸಮೀಕರಣ, ಆರು ಚರಗಳಾಗುತ್ತವೆ. ಅವುಗಳಲ್ಲಿ ಎರಡನ್ನು ಸೊನ್ನೆ ಮಾಡಿ ಉಳಿದ ನಾಲ್ಕನ್ನು ಬಿಡಿಸಿಕೊಳ್ಳಬೇಕು. ಈ ನಾಲ್ಕರ ಗುಂಪೇ ಬೇಸಿಸ್. ಪಾಲಿಶಿನಂಥ ಪ್ರಬಲ ಹೆಚ್ಚುವರಿ ನಿರ್ಬಂಧದ ಉಳಿಕೆ ಸಾಧ್ಯ ಪ್ರದೇಶದಲ್ಲಿ ಎಂದೂ ಸೊನ್ನೆಯಾಗದು. (4,3) ಮೂಲೆಯಲ್ಲಿ ಅದು 8. ಹಾಗಾಗಿ ಆ ಚರ ಬೇಸಿಸ್ಸಿನಲ್ಲೇ ಕಾಯಂ ಆಗಿ ಕೂತಿರುತ್ತದೆ. ಒಂದು ಸಾಲು ಹೆಚ್ಚಾಗಿ ಲೆಕ್ಕ ಉದ್ದವಾಗುತ್ತದೆ, ಅಷ್ಟೆ.

ಜಾಗದ ನಿರ್ಬಂಧದ ಕಥೆ ಬೇರೆ. (4,3) ಮೂಲೆಯಲ್ಲಿ ಹಲಗೆ, ಗಂಟೆ, ಜಾಗ ಮೂರೂ ಒಟ್ಟಿಗೆ ಮುಗಿಯುತ್ತವೆ. ಬೇಸಿಸ್ಸಿನ ಹೊರಗೆ ಸ್ಥಳವಿರುವುದು ಎರಡಕ್ಕೆ ಮಾತ್ರ. ಮೂರನೆಯ ಉಳಿಕೆ ಸೊನ್ನೆಯ ಬೆಲೆ ಹೊತ್ತು ಬೇಸಿಸ್ಸಿನೊಳಗೆ ಉಳಿಯಲೇಬೇಕು. ಇದನ್ನೇ ಡಿಜೆನರಸಿ ಎನ್ನುವುದು. ಯಾವುದನ್ನು ಒಳಗಿಟ್ಟುಕೊಂಡರೂ ನಡೆಯುವುದರಿಂದ ಒಂದೇ ಮೂಲೆಗೆ ಮೂರು ಬೇಸಿಸ್‌ಗಳು. ಜಾಗದ ನಿರ್ಬಂಧ ತೆಗೆದರೆ ಒಂದೇ ಒಂದು.

ಇದರ ಮೊದಲ ಪರಿಣಾಮ ನಡಿಗೆಯಲ್ಲಿ ಕಾಣುತ್ತದೆ. ಸೊನ್ನೆಯಿಂದ ಹೊರಟು ಕುರ್ಚಿಯನ್ನು ಏರಿಸಿದರೆ ಆರಕ್ಕೆ ಗಂಟೆಗಳು ಮುಗಿಯುತ್ತವೆ. ನಂತರ ಮೇಜನ್ನು ಏರಿಸಿದರೆ ಮೂರಕ್ಕೆ ಹಲಗೆಯೂ ಜಾಗವೂ ಒಂದೇ ಕ್ಷಣದಲ್ಲಿ ಮುಗಿಯುತ್ತವೆ. ಬೇಸಿಸ್ಸಿನಿಂದ ಹೊರಹೋಗಲು ಹಲಗೆಯ ಉಳಿಕೆಯನ್ನು ಆರಿಸಿದರೆ ಕೆಲಸ ಅಲ್ಲಿಗೆ ಮುಗಿಯಿತು: ಲಾಭ 3800 ರೂಪಾಯಿ. ಜಾಗದ ಉಳಿಕೆಯನ್ನು ಆರಿಸಿದರೆ ಬಿಂದು ಅದೇ, ಲಾಭವೂ ಅದೇ. ಆದರೆ ಕೋಷ್ಟಕದಲ್ಲಿ ದುಡಿಮೆಯ ಬೆಲೆ ಋಣ 100 ಎಂದು ಕಾಣಿಸಿ, ಇನ್ನೂ ಸುಧಾರಿಸಬಹುದು ಎಂಬ ಸುಳ್ಳು ಸೂಚನೆ ಸಿಗುತ್ತದೆ. ಮುಂದಿನ ಹೆಜ್ಜೆಯ ಉದ್ದ ಸೊನ್ನೆ. ಬೇಸಿಸ್ ಬದಲಾಗುತ್ತದೆ, ನಿಂತ ನೆಲ ಬದಲಾಗುವುದಿಲ್ಲ. ದೊಡ್ಡ ಸಮಸ್ಯೆಗಳಲ್ಲಿ ಇಂಥ ಹೆಜ್ಜೆಗಳು ಸಾಲುಗಟ್ಟಿ ಬರಬಹುದು. ಕೆಲವೊಮ್ಮೆ ಹೊರಟ ಬೇಸಿಸ್ಸಿಗೇ ಮರಳಿ ಸುತ್ತುತ್ತಲೇ ಇರಬಹುದು. ಸುತ್ತುವುದನ್ನು ತಡೆಯಲು ರಾಬರ್ಟ್ ಬ್ಲಾಂಡ್ 1977ರಲ್ಲಿ ಸರಳ ನಿಯಮ ಕೊಟ್ಟರು: ಒಳಬರಲಿಕ್ಕೂ ಹೊರಹೋಗಲಿಕ್ಕೂ ಅರ್ಹ ಚರಗಳು ಹಲವಿದ್ದರೆ ಕ್ರಮಸಂಖ್ಯೆಯಲ್ಲಿ ಚಿಕ್ಕದನ್ನೇ ಆರಿಸಬೇಕು.

ಎರಡನೆಯ ಪರಿಣಾಮ ಕಾರ್ಖಾನೆಯ ಮಾಲೀಕನಿಗೆ ತಾಗುವಂಥದ್ದು. ಸಾಮಗ್ರಿ ಒಂದು ಘಟಕ ಹೆಚ್ಚು ಸಿಕ್ಕರೆ ಲಾಭ ಎಷ್ಟು ಏರುತ್ತದೆ ಎಂಬುದೇ ಅದರ ನೆರಳು ಬೆಲೆ. ಜಾಗದ ಉಳಿಕೆ ಬೇಸಿಸ್ಸಿನಲ್ಲಿದ್ದರೆ ತಂತ್ರಾಂಶ ತೋರಿಸುವ ಬೆಲೆಗಳು ಹಲಗೆಗೆ 200, ಗಂಟೆಗೆ 100, ಜಾಗಕ್ಕೆ 0 ರೂಪಾಯಿ. ದುಡಿಮೆಯ ಉಳಿಕೆ ಬೇಸಿಸ್ಸಿನಲ್ಲಿದ್ದರೆ ಹಲಗೆಗೆ 100, ಗಂಟೆಗೆ 0, ಜಾಗಕ್ಕೆ 400. ಎರಡೂ ಗಣಿತದ ದೃಷ್ಟಿಯಲ್ಲಿ ಸರಿ, ಎರಡರಲ್ಲೂ ಲಾಭ 3800. ಆದರೆ ಮೊದಲನೆಯದನ್ನು ನಂಬಿ 60 ರೂಪಾಯಿ ಕೊಟ್ಟು ಒಂದು ಗಂಟೆ ಓವರ್‌ಟೈಮ್ ಮಾಡಿಸಿದರೆ ಬಿಡಿಗಾಸೂ ಹುಟ್ಟುವುದಿಲ್ಲ, ಏಕೆಂದರೆ ಜಾಗ ಏಳಕ್ಕೇ ನಿಂತಿದೆ. ಎರಡನೆಯದನ್ನು ನಂಬಿ ಜಾಗ ಹೆಚ್ಚಿಸಿದರೂ ಅಷ್ಟೇ. ನಿಜಸ್ಥಿತಿ ಇದು: ಒಂದು ಹಲಗೆ ಹೆಚ್ಚಾದರೆ ಲಾಭ 100 ಏರುತ್ತದೆ, ಕಡಿಮೆಯಾದರೆ 200 ಇಳಿಯುತ್ತದೆ. ಒಂದು ಗಂಟೆ ಹೆಚ್ಚಾದರೆ ಏನೂ ಇಲ್ಲ, ಕಡಿಮೆಯಾದರೆ 100 ನಷ್ಟ. ಜಾಗ ಒಂದು ಹೆಚ್ಚಾದರೆ ಏನೂ ಇಲ್ಲ, ಕಡಿಮೆಯಾದರೆ 400 ನಷ್ಟ. ಏರಿಕೆಗೆ ಒಂದು ಬೆಲೆ, ಇಳಿಕೆಗೆ ಇನ್ನೊಂದು. ವರದಿಯಲ್ಲಿ ಬೇಸಿಸ್ಸಿನ ಚರವೊಂದರ ಬೆಲೆ ಸೊನ್ನೆ ಎಂದಿದ್ದರೆ ನೆರಳು ಬೆಲೆಗಳನ್ನು ಕಣ್ಣುಮುಚ್ಚಿ ಒಪ್ಪಬಾರದು. ಆ ಮಿತಿಗಳನ್ನು ಒಂದೊಂದು ಘಟಕ ಹೆಚ್ಚಿಸಿ, ಇಳಿಸಿ ಮತ್ತೆ ಬಿಡಿಸಿ ನೋಡಬೇಕು.

ಡಿಜೆನರಸಿ ಕಂಡಲ್ಲೆಲ್ಲ ಹೆಚ್ಚುವರಿ ನಿರ್ಬಂಧ ಇದೆ ಎಂದೂ ಅಲ್ಲ. ಎರಡು ಚರಗಳ ಚಿತ್ರದಲ್ಲಿ ಅದು ನಿಜ. ಮೂರು ಚರಗಳಲ್ಲಿ ಚೌಕ ತಳದ ಪಿರಮಿಡ್ಡಿನ ತುದಿಯಲ್ಲಿ ನಾಲ್ಕು ಮುಖಗಳು ಕೂಡುತ್ತವೆ. ತುದಿಗೆ ಮೂರು ಸಾಕಾದರೂ ಯಾವ ಮುಖವನ್ನು ತೆಗೆದರೂ ಆಕಾರ ಕೆಡುತ್ತದೆ.

ಸಮೀಕರಣದ ರೂಪದ ನಿರ್ಬಂಧಗಳಲ್ಲಿ ತೊಡಕು ಇನ್ನೂ ನೇರ. ಎರಡು ಗೋದಾಮಿನಿಂದ ಮೂರು ಅಂಗಡಿಗೆ ಸರಕು ಸಾಗಿಸುವಾಗ, ಒಟ್ಟು ದಾಸ್ತಾನು ಒಟ್ಟು ಬೇಡಿಕೆಗೆ ಸಮವಾಗಿದ್ದರೆ ಐದು ಸಮೀಕರಣಗಳಲ್ಲಿ ಯಾವುದೇ ನಾಲ್ಕು ಐದನೆಯದನ್ನು ತಾವೇ ಹೇಳಿಬಿಡುತ್ತವೆ. ಆದ್ದರಿಂದ ಬೇಸಿಸ್ಸಿನಲ್ಲಿ ನಾಲ್ಕು ಮಾರ್ಗಗಳಿಗಷ್ಟೇ ಸ್ಥಳ. ಐದನ್ನೂ ಇಟ್ಟುಕೊಂಡು ಸಿಂಪ್ಲೆಕ್ಸಿನ ಮೊದಲ ಹಂತ ಮುಗಿಸಿದರೆ ಕೃತಕ ಚರವೊಂದು ಸೊನ್ನೆಯ ಬೆಲೆಯಲ್ಲಿ ಬೇಸಿಸ್ಸಿನಲ್ಲಿ ಉಳಿದಿರುತ್ತದೆ. ಅದರ ಸಾಲಿನಲ್ಲಿ ನಿಜವಾದ ಚರಗಳ ಗುಣಕಗಳೆಲ್ಲ ಸೊನ್ನೆ. ಆ ಸಾಲನ್ನು ಧೈರ್ಯವಾಗಿ ಹೊಡೆದುಹಾಕಬಹುದು.

ಅಳಿಸುವಾಗ ಎರಡು ಎಚ್ಚರ ಬೇಕು. ಒಂದು ಸಲಕ್ಕೆ ಒಂದನ್ನೇ ಅಳಿಸಿ, ಉಳಿದವನ್ನು ಹೊಸದಾಗಿ ಪರೀಕ್ಷಿಸಬೇಕು. ದುಡಿಮೆಯ ನಿರ್ಬಂಧ 6x + 4y ≤ 36 ಎಂಬ ವೇಷದಲ್ಲಿ ಇನ್ನೊಮ್ಮೆ ಬರೆಯಲ್ಪಟ್ಟಿದ್ದರೆ, ಒಂದರ ಎದುರು ಇನ್ನೊಂದು ಹೆಚ್ಚುವರಿಯೇ. ಎರಡನ್ನೂ ಒಟ್ಟಿಗೆ ತೆಗೆದರೆ ಪ್ರದೇಶವೇ ಹಿಗ್ಗುತ್ತದೆ. ಎರಡನೆಯದು, ಹೆಚ್ಚುವರಿತನ ಬಲಬದಿಯ ಅಂಕಿಗಳನ್ನು ಅವಲಂಬಿಸಿದೆ. ಜಾಗ ಏಳರಿಂದ ಆರಕ್ಕೆ ಇಳಿದರೆ ಆ ನಿರ್ಬಂಧ ಪ್ರದೇಶವನ್ನು ಕತ್ತರಿಸಿ ಲಾಭವನ್ನು 3400ಕ್ಕೆ ತರುತ್ತದೆ. ಹಲಗೆ 12ನ್ನು ದಾಟಿದರೆ ಪಾಲಿಶಿನ ಗೆರೆಯೂ ಪ್ರದೇಶದೊಳಗೆ ಕಾಲಿಡುತ್ತದೆ. ಆದ್ದರಿಂದ ಇಂದಿನ ಲೆಕ್ಕದಿಂದ ತೆಗೆದ ನಿರ್ಬಂಧವನ್ನು ಮೂಲ ಮಾದರಿಯಲ್ಲಿ ಉಳಿಸಿಕೊಂಡು, ಅಂಕಿಗಳು ಬದಲಾದಾಗಲೆಲ್ಲ ಪರೀಕ್ಷೆಯನ್ನು ಮತ್ತೆ ನಡೆಸಬೇಕಾಗುತ್ತದೆ.