ಅಜ್ಜಿಯ ಮೂಗುತಿ ಎಲ್ಲಿ ಹೋಯಿತು?

ಮದುವೆ ಚಪ್ಪರದ ಕೆಳಗೆ ತೆಗೆದ ಒಂದು ಗುಂಪು ಫೋಟೊ. ಮುಂದಿನ ಸಾಲಿನ ಕುರ್ಚಿಯಲ್ಲಿ ಅಜ್ಜಿ ಕೂತಿದ್ದಾರೆ. ಮೂಗಿನಲ್ಲಿ ಮೂಗುತಿ, ಮೈಮೇಲೆ ಇಳಕಲ್ ಸೀರೆ. ‘ಜಲವರ್ಣ ಚಿತ್ರ’ ಎಂದು ಬರೆದು ಗುಂಡಿ ಒತ್ತಿದರೆ, ಈಗಿನ ವೇಗದ ಎಐ ಮಾದರಿಗಳು ಕಣ್ಣುಮುಚ್ಚಿ ತೆರೆಯುವುದರೊಳಗೆ ಆ ಫೋಟೊವನ್ನು ಚಿತ್ರ ಮಾಡಿಕೊಡುತ್ತವೆ. ನೋಡಲು ಚೆಂದವೇ. ಹತ್ತಿರ ಹಿಡಿದರೆ ಮಾತ್ರ ಮೂಗುತಿ ಕಾಣುವುದಿಲ್ಲ, ಸೆರಗಿನ ಗೋಪುರದಂಥ ಮೊನೆಗಳು ಅಂಕುಡೊಂಕು ಗೆರೆಯಾಗಿರುತ್ತವೆ. ಈ ನಷ್ಟ ಯಾವಾಗಲೂ ಇಂಥ ಕಡೆಯೇ ಆಗುವುದಕ್ಕೆ ಕಾರಣವಿದೆ.

ಡಿಫ್ಯೂಷನ್ ಮಾದರಿ ಫೋಟೊದ ಮೇಲೆ ಮೊದಲು ಚುಕ್ಕಿಗಳ ಗದ್ದಲವನ್ನು ಸುರಿಯುತ್ತದೆ. ಸಿಗ್ನಲ್ ಹೋದಾಗ ಹಳೆಯ ಟಿವಿಯಲ್ಲಿ ಕಾಣುತ್ತಿತ್ತಲ್ಲ, ಅಂಥದ್ದು. ಆಮೇಲೆ ನಾವು ಹೇಳಿದ ಶೈಲಿಗೆ ತಕ್ಕಂತೆ ಆ ಗದ್ದಲವನ್ನು ಹಂತಹಂತವಾಗಿ ತೆಗೆಯುತ್ತದೆ. ಸಾಮಾನ್ಯವಾಗಿ 30ರಿಂದ 50 ಹಂತ. ಮೊದಲ ಹಂತಗಳಲ್ಲಿ ಯಾರು ಎಲ್ಲಿದ್ದಾರೆ ಎಂಬುದು ನಿಲ್ಲುತ್ತದೆ, ಕೊನೆಯ ಹಂತಗಳಲ್ಲಿ ಕಣ್ಣು, ಒಡವೆ, ನೇಯ್ಗೆ ಮೂಡುತ್ತವೆ. ಪ್ರತಿ ಹಂತವೂ ಹಿಂದಿನದನ್ನು ತಿದ್ದುವ ಅವಕಾಶ.

2023ರ ನವೆಂಬರ್‌ನಲ್ಲಿ ಸ್ಟೆಬಿಲಿಟಿ ಎಐ ಹೊರತಂದ ಎಸ್‌ಡಿಎಕ್ಸ್‌ಎಲ್ ಟರ್ಬೊ ಈ ಕೆಲಸವನ್ನು 1ರಿಂದ 4 ಹಂತಗಳಲ್ಲಿ ಮುಗಿಸುತ್ತದೆ. ನಿಧಾನದ ದೊಡ್ಡ ಮಾದರಿಯನ್ನು ಗುರುವಾಗಿಟ್ಟುಕೊಂಡು, ಗುರು ಹಲವು ಹೆಜ್ಜೆಗಳಲ್ಲಿ ತಲುಪುವ ಕಡೆಗೆ ಶಿಷ್ಯ ಒಂದೇ ನೆಗೆತದಲ್ಲಿ ಹಾರುವಂತೆ ಪಳಗಿಸುತ್ತಾರೆ. ಇದಕ್ಕೆ ಡಿಸ್ಟಿಲೇಷನ್, ಅಂದರೆ ಭಟ್ಟಿ ಇಳಿಸುವುದು ಎಂದೇ ಹೆಸರು.

ತೊಡಕಿರುವುದು ಆ ನೆಗೆತದಲ್ಲಿ. ಗದ್ದಲ ತುಂಬಿದ ಒಂದು ಚಿತ್ರದ ಹಿಂದೆ ಎಷ್ಟೋ ಬಗೆಯ ಚಿತ್ರಗಳು ಇರಬಹುದು. ಒಂದೇ ಸಲಕ್ಕೆ ಉತ್ತರ ಹೇಳು ಎಂದರೆ ಶಿಷ್ಯ ಅವೆಲ್ಲದರ ಸರಾಸರಿ ಹೇಳುತ್ತದೆ, ಸರಾಸರಿ ಎಂದರೆ ಮಸುಕು. ಅದನ್ನು ತಪ್ಪಿಸಲು ಟರ್ಬೊ ತರಬೇತಿಯಲ್ಲಿ ಇನ್ನೊಂದು ಜಾಲವನ್ನು ಪರೀಕ್ಷಕನಾಗಿ ಕೂರಿಸಿದರು. ಚಿತ್ರ ನಿಜದ್ದೋ ತಯಾರಿಸಿದ್ದೋ ಎಂದು ಅದು ಹಿಡಿಯಲು ನೋಡುತ್ತದೆ, ಸಿಕ್ಕಿಬೀಳದಂತೆ ಬರೆಯಲು ಶಿಷ್ಯ ಕಲಿಯುತ್ತದೆ. ಮಸುಕು ಹೋಯಿತು. ಆದರೆ ಪರೀಕ್ಷಕ ಕೇಳುವುದು ‘ನಂಬುವಂತಿದೆಯೇ’ ಎಂದು ಮಾತ್ರ. ‘ಸಾಧ್ಯವಿದ್ದ ಎಲ್ಲ ಬಗೆಗಳನ್ನೂ ತೋರಿಸಿದೆಯಾ’ ಎಂದು ಅದು ಕೇಳುವುದಿಲ್ಲ. ಹಾಗಾಗಿ ಶಿಷ್ಯ ಪಾಸಾಗುವ ಕೆಲವು ಉತ್ತರಗಳಿಗೇ ಅಂಟಿಕೊಳ್ಳುತ್ತದೆ. ವೈವಿಧ್ಯ ಸೋರಿಹೋಗುವುದು ಹೀಗೆ.

ಇನ್ನು ಮೂಗುತಿಯ ಲೆಕ್ಕ. ಟರ್ಬೊ ತಯಾರಾದದ್ದು 512×512 ಪಿಕ್ಸೆಲ್ ಚಿತ್ರಗಳಿಗೆ. ಒಳಗೆ ಅದು ಎಂಟೆಂಟು ಪಿಕ್ಸೆಲ್‌ಗಳನ್ನು ಒಂದು ಮನೆಯಾಗಿ ಕುಗ್ಗಿಸಿ, 64×64 ಮನೆಗಳಲ್ಲಿ ಕೆಲಸ ಮಾಡುತ್ತದೆ. ಗುಂಪು ಫೋಟೊದಲ್ಲಿ ಅಜ್ಜಿಯ ಮುಖ 40 ಪಿಕ್ಸೆಲ್ ಅಗಲವಿದ್ದರೆ, ಅದಕ್ಕೆ ಸಿಗುವುದು ಅಡ್ಡಕ್ಕೆ ಐದೇ ಮನೆ. ಮೂಗುತಿಗೆ ಅರ್ಧ ಮನೆಯೂ ಇಲ್ಲ. ಗುರು ಮಾದರಿ 1024 ಪಿಕ್ಸೆಲ್‌ನದು, ಅಲ್ಲಿ ಅದೇ ಮುಖಕ್ಕೆ ಹತ್ತು ಮನೆ, ಜೊತೆಗೆ ತಿದ್ದಲು ಹತ್ತಾರು ಹಂತ. ಕುಗ್ಗಿಸುವುದರಿಂದ ಆಗುವ ನಷ್ಟ ಅಲ್ಲೂ ಇದೆ, ಶಿಷ್ಯನಲ್ಲಿ ಅದಕ್ಕೆ ಅವಸರವೂ ಸೇರುತ್ತದೆ. ಹಿಂದಿನ ಬೋರ್ಡಿನ ಅಕ್ಷರ ಓದಲಾಗದಂತೆ ಆಗುವುದೂ ಇದರಿಂದಲೇ.

ಇನ್ನೊಂದು ನಷ್ಟ ಕೈಗೆ ಸಿಗುವ ಹಿಡಿತದ್ದು. ಮೂಲ ಫೋಟೊವನ್ನು ಎಷ್ಟು ಬದಲಿಸಬೇಕು ಎಂಬುದನ್ನು `strength` ಎಂಬ ಅಂಕಿ ತೀರ್ಮಾನಿಸುತ್ತದೆ. ಈ ಮಾದರಿಗಳನ್ನು ನಡೆಸಲು ಬಹಳ ಜನ ಬಳಸುವ `diffusers` ಎಂಬ ತಂತ್ರಾಂಶದಲ್ಲಿ ಟರ್ಬೊಗೆ ಹೀಗೆ ಹೇಳುತ್ತಾರೆ:

```
num_inference_steps=4, strength=0.5, guidance_scale=0.0
```

ನಾಲ್ಕನ್ನು 0.5ರಿಂದ ಗುಣಿಸಿದರೆ ಎರಡು, ಹಾಗಾಗಿ ನಡೆಯುವುದು ಎರಡೇ ಹಂತ. 0.6 ಕೊಟ್ಟರೆ 2.4 ಬರುತ್ತದೆ, ಭಿನ್ನಾಂಶ ಬಿಟ್ಟುಹೋಗಿ ಮತ್ತೆ ಎರಡೇ. 0.7ಕ್ಕೂ ಅಷ್ಟೇ. ಅಂದರೆ ‘ಸ್ವಲ್ಪ ಜಾಸ್ತಿ ಬದಲಿಸು’ ಎಂದರೂ ಅದೇ ಚಿತ್ರ ಬರುತ್ತದೆ, 0.75ಕ್ಕೆ ಹೋದೊಡನೆ ಒಮ್ಮೆಲೇ ಜಿಗಿಯುತ್ತದೆ. 50 ಹಂತಗಳಲ್ಲಾದರೆ 0.5ಕ್ಕೆ 25, 0.6ಕ್ಕೆ 30. ಮೂಗುತಿ ಉಳಿದು ಜಲವರ್ಣವೂ ಬರುವ ಆ ನಡುವಿನ ಜಾಗ ಅಲ್ಲಿ ಸಿಗುತ್ತದೆ, ನಾಲ್ಕು ಮೆಟ್ಟಿಲಲ್ಲಿ ಸಿಗದೇ ಹೋಗಬಹುದು.

ನಿಮ್ಮ ಫೋಟೊದಲ್ಲಿ ಏನು ಕಳೆದಿದೆ ಎಂದು ತಿಳಿಯುವುದು ಕಷ್ಟವಲ್ಲ. ಒಂದೇ ಫೋಟೊ, ಒಂದೇ ವಾಕ್ಯ ಕೊಟ್ಟು, `seed` ಅಂಕಿ ಮಾತ್ರ ಬದಲಿಸಿ ಎಂಟು ಚಿತ್ರ ಮಾಡಿ ಪಕ್ಕಪಕ್ಕ ಇಡಿ. ಎಂಟರಲ್ಲೂ ಅದೇ ಬಣ್ಣ, ಅದೇ ನಗು, ಅದೇ ಬೆಳಕು ಇದ್ದರೆ ವೈವಿಧ್ಯ ಹೋಗಿದೆ. ಆದರೆ `strength` ಕಡಿಮೆ ಇದ್ದರೆ ಮೂಲ ಫೋಟೊವೇ ಎಲ್ಲವನ್ನೂ ಹಿಡಿದಿಟ್ಟಿರುತ್ತದೆ, ಆದ್ದರಿಂದ ಈ ಪರೀಕ್ಷೆಯನ್ನು 0.75ರಲ್ಲಿ ಮಾಡಿ. ವಿವರಕ್ಕಾದರೆ ಮುಖ, ಕೈಬೆರಳು, ಸೀರೆಯ ಅಂಚು, ಈ ಮೂರನ್ನು ದೊಡ್ಡದು ಮಾಡಿ ಮೂಲದ ಜೊತೆ ಹೋಲಿಸಿದರೆ ಸಾಕು.

ಪರಿಹಾರವೂ ಈ ಲೆಕ್ಕದಲ್ಲೇ ಇದೆ. ಯಾವ ಶೈಲಿ ಒಪ್ಪುತ್ತದೆ ಎಂದು ಹುಡುಕಲು ವೇಗದ ಮಾದರಿ ಬಳಸಿ, ಗೋಡೆಗೆ ತೂಗುಹಾಕುವ ಪ್ರತಿಯನ್ನು ನಿಧಾನದ ಮಾದರಿಯಲ್ಲಿ ಮಾಡಿ. ವೇಗದ್ದು ಮಾತ್ರ ಕೈಯಲ್ಲಿದ್ದರೆ ಅಜ್ಜಿಯನ್ನು ಗುಂಪಿನಿಂದ ಕತ್ತರಿಸಿ, ಮುಖ ಚೌಕಟ್ಟಿನ ಅರ್ಧದಷ್ಟು ತುಂಬುವಂತೆ ಕೊಡಿ. ಐದು ಮನೆಯಿದ್ದ ಮುಖಕ್ಕೆ ಆಗ ಮೂವತ್ತೆರಡು ಮನೆ ಸಿಗುತ್ತದೆ. ಮೂಗುತಿಗೂ ಮೂರು ಮನೆಯಷ್ಟು ಜಾಗ ಬರುತ್ತದೆ.